ಶಂಕುಸ್ಥಾಪನೆಯ ಶಂಕು

ಪತ್ರಿಕೆಗಳಲ್ಲಿ ನಾವು ಮೇಲಿಂದ ಮೇಲೆ ಓದುವ ಮಾತುಗಳಲ್ಲಿ 'ಶಂಕುಸ್ಥಾಪನೆ' ಎಂಬುದೊಂದು. ಶಾಲೆಗೆ, ಆಸ್ಪತ್ರೆಗೆ, ಸೇತುವೆಗೆ ಗಣ್ಯರು ಬಂದು ಶಂಕುಸ್ಥಾಪನೆ ನೆರವೇರಿಸುತ್ತಾರೆ. ಅಲ್ಲಿ ಹೋಗಿ ನೋಡಿದರೆ ಹೂವಿನ ಹಾರ ಹಾಕಿದ ಕಲ್ಲಿದೆ, ಅರಿಶಿನ ಕುಂಕುಮ ಹಚ್ಚಿದ ಗುದ್ದಲಿಯಿದೆ, ಹೆಸರು ಕೆತ್ತಿದ ಫಲಕವಿದೆ. ಶಂಕು ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಶಂಕು ಎಂದರೆ ಗೂಟ, ನೆಲದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲು. ಇಲ್ಲದ ಗೂಟದ ಹೆಸರು ಈ ಸಮಾರಂಭಕ್ಕೆ ಹೇಗೆ ಬಂದಿತು? ನಮ್ಮ ಮನೆಯ ಪಾಯ ತೆಗೆಯುವವರೆಗೆ ನಾನೂ ಈ ಪ್ರಶ್ನೆಯನ್ನು ಕೇಳಿಕೊಂಡವನಲ್ಲ.

ನಮ್ಮ ಊರು ತುಮಕೂರು ಜಿಲ್ಲೆಯ ಒಂದು ಹಳ್ಳಿ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇಟ್ಟಿಗೆಯ ಮನೆ ಕಟ್ಟಲು ಹೊರಟವರಲ್ಲಿ ನಮ್ಮ ತಂದೆಯವರೇ ಮೊದಲಿಗರು. ಊರ ಹೊರಗೆ ರಸ್ತೆಯ ಪಕ್ಕದಲ್ಲಿ 30 ಅಡಿ ಅಗಲ, 40 ಅಡಿ ಉದ್ದದ ನಿವೇಶನ. ರಸ್ತೆ ಅದರ ಪೂರ್ವಕ್ಕೆ. ಅದರಲ್ಲಿ 24 ಅಡಿ ಅಗಲ, 28 ಅಡಿ ಉದ್ದದ ಮನೆಯೆಂದು ನಿಶ್ಚಯವಾಯಿತು. ಎರಡು ಬದಿಗೂ ಮೂರು ಮೂರು ಅಡಿ ಓಣಿ ಉಳಿಯಬೇಕು. ಕಳೆದ ವರ್ಷದ ಫೆಬ್ರವರಿ 10ರ ಬೆಳಗ್ಗೆ ಗುದ್ದಲಿ ಪೂಜೆಯೆಂದು ಪುರೋಹಿತರು ಮುಹೂರ್ತವಿಟ್ಟರು. ಆ ಪೂಜೆಗೆ ಮುಂಚಿನ ಒಂದು ವಾರದಲ್ಲಿ ನಾನು ಕಂಡದ್ದನ್ನೂ, ನಮ್ಮ ಗ್ರಂಥಾಲಯದಲ್ಲಿ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ನೆಲ

ಮೊದಲ ಕೆಲಸ ನಿವೇಶನವನ್ನು ಹಸನು ಮಾಡುವುದು. ಜಾಲಿಗಿಡಗಳನ್ನು ಕಡಿದು ಬೇರುಸಹಿತ ಕಿತ್ತೆವು. ಬುಡ ಮಾತ್ರ ಕಡಿದರೆ ಸಾಲದೆ ಎಂದು ನಾನು ಕೇಳಿದಾಗ ನಮ್ಮ ಮೇಸ್ತ್ರಿ ತಾತ, "ಬೇರು ಒಳಗೇ ಕೊಳೆತ್ರೆ ಅಲ್ಲಿ ಟೊಳ್ಳಾಗ್ತದೆ ಕಣಪ್ಪ. ಗೆದ್ದಲಿಗೆ ನಾವೇ ದಾರಿ ಬಿಟ್ಟಂಗಾಗ್ತದೆ" ಎಂದರು. ಹಳೆಯ ವಾಸ್ತುಗ್ರಂಥಗಳಲ್ಲಿ ಇದಕ್ಕೆ ಸಮೀಪವಾದ ಒಂದು ವಿಧಿಯಿದೆ. ಮನೆಯ ನೆಲದಲ್ಲಿ ಹುದುಗಿರುವ ಮೂಳೆ, ಇದ್ದಿಲು, ಬೂದಿ, ಕೂದಲು, ಹೊಟ್ಟು ಮುಂತಾದವನ್ನು ಅವು 'ಶಲ್ಯ' ಎಂದು ಕರೆಯುತ್ತವೆ. ಶಲ್ಯವೆಂದರೆ ಮೈಯಲ್ಲಿ ನೆಟ್ಟ ಮುಳ್ಳು. ಅದನ್ನು ಅಗೆದು ತೆಗೆಯದೆ ಮನೆ ಕಟ್ಟಬಾರದು ಎಂದು ವಿಧಿ. ಅದರಿಂದ ಯಜಮಾನನಿಗೆ ಉಂಟಾಗುವುದೆಂದು ಹೇಳಿದ ಫಲಾಫಲಗಳನ್ನು ಇಲ್ಲಿ ಚರ್ಚಿಸುವುದಿಲ್ಲ. ಆದರೆ ಬೂದಿ, ಮೂಳೆ, ಹೊಟ್ಟು ಸಿಕ್ಕುವ ಜಾಗವೆಂದರೆ ಹಿಂದೆ ಯಾರೋ ಅಗೆದು ತುಂಬಿದ ಜಾಗ. ತುಂಬಿದ ನೆಲ ಭಾರ ಬಿದ್ದರೆ ಕುಸಿಯುತ್ತದೆ. ಇದನ್ನು ಮಾತ್ರ ಯಾರೂ ಅಲ್ಲಗಳೆಯಲಾರರು.

ನೆಲದ ಗಟ್ಟಿತನವನ್ನು ತಿಳಿಯಲು ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಒಂದು ಸುಲಭವಾದ ಪರೀಕ್ಷೆಯಿದೆ. ಒಂದು ಮೊಳ ಉದ್ದ, ಅಗಲ, ಆಳದ ಗುಂಡಿ ತೋಡಿ, ತೆಗೆದ ಮಣ್ಣನ್ನೇ ಮತ್ತೆ ಅದಕ್ಕೆ ತುಂಬಬೇಕು. ಮಣ್ಣು ಮಿಕ್ಕರೆ ನೆಲ ಉತ್ತಮ, ಸರಿಯಾದರೆ ಮಧ್ಯಮ, ಸಾಲದೆ ಹೋದರೆ ಕನಿಷ್ಠ. ಇದರ ಕಾರಣ ಯೋಚಿಸಿದರೆ ತಿಳಿಯುತ್ತದೆ. ಗಟ್ಟಿಯಾಗಿ ಒತ್ತಿಕೊಂಡಿದ್ದ ಮಣ್ಣನ್ನು ಅಗೆದಾಗ ಅದು ಸಡಿಲವಾಗಿ ಉಬ್ಬುತ್ತದೆ. ಮತ್ತೆ ಅದೇ ಗುಂಡಿಯಲ್ಲಿ ಹಿಡಿಯುವುದಿಲ್ಲ. ಮೊದಲೇ ಸಡಿಲವಾಗಿದ್ದ ಮಣ್ಣು ಉಬ್ಬುವುದಿಲ್ಲ. ತುಂಬುವಾಗ ಕಾಲಿನಿಂದ ತುಳಿದರೆ ಇನ್ನೂ ತಗ್ಗುತ್ತದೆ.

ನಾವು ನಾಲ್ಕು ಮೂಲೆಗಳಲ್ಲಿ ಈ ಪರೀಕ್ಷೆ ಮಾಡಿದೆವು. ಮೂರು ಕಡೆ ಅರ್ಧ ಮಂಕರಿಗೂ ಮಿಕ್ಕಿ ಮಣ್ಣು ಉಳಿಯಿತು. ನೈಋತ್ಯದ ಗುಂಡಿ ಮಾತ್ರ ಮೇಲೆ ನಾಲ್ಕು ಬೆರಳು ತಗ್ಗಾಗಿಯೇ ಉಳಿಯಿತು. ಅಲ್ಲಿ ಇನ್ನೂ ಅಗೆದಾಗ ಕಪ್ಪು ಮಣ್ಣು, ಮಡಕೆಯ ಚೂರು, ಬೂದಿ, ದನದ ಮೂಳೆ ಒಂದೊಂದಾಗಿ ಬಂದವು. ನಮ್ಮ ಅಜ್ಜಿಗೆ ಆಗ ನೆನಪಾಯಿತು: "ಅಲ್ಲಿ ಒಂದು ಹಳೇ ತಿಪ್ಪೆಗುಂಡಿ ಇತ್ತು ಕಣ್ರೋ." ಆ ಮೂಲೆಯಲ್ಲಿ ಗಟ್ಟಿ ನೆಲ ಸಿಕ್ಕಿದ್ದು ನಾಲ್ಕು ಅಡಿ ಆಳದಲ್ಲಿ. ಗೋಡೆ ಬರುವ ಕಡೆ ಪಾಯವನ್ನು ಅಲ್ಲಿಯವರೆಗೂ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕೆಂದು ಮೇಸ್ತ್ರಿ ಗುರುತು ಮಾಡಿಕೊಂಡರು. ಉಳಿದ ಭಾಗಕ್ಕೆ ಗರಸು ಹಾಕಿ, ಅರ್ಧ ಅಡಿಗೊಂದು ಸಲ ನೀರು ಹಾಯಿಸಿ, ದಿಮ್ಮಸು ಬಡಿದು ತುಂಬಿದೆವು. ಈ ಗುಂಡಿಯ ಪರೀಕ್ಷೆಗೂ ಮಿತಿಯಿದೆ. ಅದು ಮೇಲಿನ ಒಂದು ಮೊಳದ ಸುದ್ದಿಯನ್ನಷ್ಟೇ ಹೇಳುತ್ತದೆ. ಅದರ ಕೆಳಗೆ ಏನಿದೆಯೆಂಬುದು ಪಾಯ ತೋಡಿದಾಗಲೇ ತಿಳಿಯಬೇಕು.

ನೆರಳು

ನೆಲ ಸಮವಾದ ಮೇಲೆ ದಿಕ್ಕಿನ ವಿಚಾರ ಬಂದಿತು. ಇಲ್ಲಿಯೇ ನಮ್ಮ ಮನೆಯಲ್ಲಿ ತಕರಾರು ಹುಟ್ಟಿದ್ದು. ನಮ್ಮ ದೊಡ್ಡಪ್ಪ ಮುಂಜಾನೆ ನಿವೇಶನದಲ್ಲಿ ನಿಂತು, ಹುಟ್ಟುವ ಸೂರ್ಯನ ನೇರಕ್ಕೆ ಎರಡು ಕಡ್ಡಿ ನೆಟ್ಟು ದಾರ ಕಟ್ಟಿದರು. "ಇದೇ ಪೂರ್ವ. ಬಾಗಿಲು ಈ ಕಡೆಗೇ ಇರಬೇಕು. ರಸ್ತೆ ಹೆಂಗಾದ್ರೂ ಇರ್ಲಿ" ಎಂದರು. ತಮ್ಮನು ಫೋನಿನ ದಿಕ್ಸೂಚಿ ತೆಗೆದು ನೋಡಿದ. ಅದು ಬೇರೆ ಕಡೆಗೆ ತೋರಿಸಿತು. ಪಕ್ಕದಲ್ಲಿ ಪೇರಿಸಿದ್ದ ಕಬ್ಬಿಣದ ಸಲಾಕೆಗಳ ಹತ್ತಿರ ಹೋದಾಗ ಮತ್ತೊಂದು ಕಡೆಗೆ ತಿರುಗಿತು. ಅಪ್ಪ ಯಾರ ಮಾತನ್ನೂ ತೆಗೆದುಹಾಕಲಾರದೆ ಸುಮ್ಮನೆ ನಿಂತಿದ್ದರು.

ಸೂರ್ಯನು ಪೂರ್ವದಲ್ಲಿ ಹುಟ್ಟುತ್ತಾನೆಂಬುದು ಪಾಠದ ಮಾತು. ನೇರ ಪೂರ್ವದಲ್ಲಿ ಅವನು ಹುಟ್ಟುವುದು ವರ್ಷಕ್ಕೆ ಎರಡೇ ಸಲ, ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಸುಮಾರಿಗೆ. ನಮ್ಮ ಪ್ರಾಂತದಲ್ಲಿ ಜೂನ್ ಕೊನೆಯ ವೇಳೆಗೆ ಅವನು ಪೂರ್ವಕ್ಕಿಂತ 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್ ಕೊನೆಯ ವೇಳೆಗೆ ಅಷ್ಟೇ ದಕ್ಷಿಣಕ್ಕೆ ಸರಿದಿರುತ್ತಾನೆ. ಫೆಬ್ರವರಿ 10ರ ಹೊತ್ತಿಗೆ ಸುಮಾರು 15 ಡಿಗ್ರಿ ದಕ್ಷಿಣಕ್ಕೆ ಹುಟ್ಟುತ್ತಾನೆ. ದಿಕ್ಸೂಚಿಯೂ ಪೂರ್ಣ ಸತ್ಯವನ್ನು ಹೇಳುವುದಿಲ್ಲ. ಅದರ ಮುಳ್ಳು ಭೂಮಿಯ ಅಯಸ್ಕಾಂತದ ಉತ್ತರವನ್ನು ಅನುಸರಿಸುತ್ತದೆ. ನಮ್ಮ ಕಡೆ ಅದು ನಿಜವಾದ ಉತ್ತರಕ್ಕಿಂತ ಒಂದೆರಡು ಡಿಗ್ರಿ ಪಶ್ಚಿಮಕ್ಕಿದೆ. ಹತ್ತಿರದಲ್ಲಿ ಕಬ್ಬಿಣವಿದ್ದರೆ ಹೇಳುವುದೇ ಬೇಡ.

ಹಾಗಾದರೆ ದಿಕ್ಸೂಚಿಯಿಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? ಇದಕ್ಕೆ ಉತ್ತರ ಕಾತ್ಯಾಯನ ಶುಲ್ಬಸೂತ್ರದಲ್ಲಿದೆ. ಯಜ್ಞವೇದಿಯನ್ನು ಅಳೆಯುವುದಕ್ಕಾಗಿ ಹುಟ್ಟಿದ ಗ್ರಂಥವದು. ಸಮನೆಲದಲ್ಲಿ ಶಂಕುವನ್ನು ನೆಟ್ಟು, ಅದರ ಎತ್ತರದಷ್ಟೇ ಉದ್ದದ ಹಗ್ಗದಿಂದ ಸುತ್ತ ವೃತ್ತ ಎಳೆದು, ನೆರಳಿನ ತುದಿ ಆ ವೃತ್ತವನ್ನು ಮುಟ್ಟುವ ಎರಡು ಜಾಗಗಳಲ್ಲಿ ಗೂಟ ಹೊಡೆದರೆ, ಅದೇ ಪೂರ್ವರೇಖೆ. ಮುಂದೆ ಮನೆ, ದೇವಾಲಯ ಕಟ್ಟುವ ಶಿಲ್ಪಗ್ರಂಥಗಳು ಇದನ್ನೇ ಹಿಡಿದವು. ಮಾನಸಾರವೆಂಬ ಗ್ರಂಥದಲ್ಲಿ ಈ ವಿಷಯದ ಅಧ್ಯಾಯದ ಹೆಸರೇ ಶಂಕುಸ್ಥಾಪನ. ಎಂದರೆ ಶಂಕುವನ್ನು ಸ್ಥಾಪಿಸುತ್ತಿದ್ದದ್ದು ದಿಕ್ಕನ್ನು ಅಳೆಯುವುದಕ್ಕೆ. ಅಳತೆ ಮರೆಯಾಯಿತು, ಹೆಸರು ಉಳಿಯಿತು.

ಇದನ್ನು ಅಪ್ಪನಿಗೆ ಹೇಳಿದೆ. "ಪುಸ್ತಕದಾಗೆ ಇರೋದನ್ನ ನೆಲದ ಮ್ಯಾಲೆ ಮಾಡಿ ತೋರಿಸು" ಎಂದರು. ಪೂಜೆಗೆ ಎರಡು ದಿನ ಇತ್ತು. ಮೇಸ್ತ್ರಿ ತಾತ ನೀರಿನ ಕೊಳವೆ ಹಿಡಿದು ನಿವೇಶನದ ನಡುವೆ ಎಂಟು ಅಡಿ ಜಾಗವನ್ನು ಮಟ್ಟ ಮಾಡಿಕೊಟ್ಟರು. ನೆಲ ಓರೆಯಾಗಿದ್ದರೆ ಇಳಿಜಾರಿನ ಕಡೆ ನೆರಳು ಉದ್ದವಾಗಿ, ಏರಿನ ಕಡೆ ಗಿಡ್ಡವಾಗಿ ಬಿದ್ದು ಲೆಕ್ಕವೆಲ್ಲ ಕೆಡುತ್ತದೆ. ನೆಲದ ಮೇಲೆ ಸರಿಯಾಗಿ 24 ಇಂಚು ನಿಲ್ಲುವಂತೆ ಚೂಪು ತುದಿಯ ಗೂಟವನ್ನು ನೆಟ್ಟು, ತೂಕದ ಗುಂಡು ಬಿಟ್ಟು ನೇರ ಮಾಡಿದೆವು. ಅದರ ಬುಡವನ್ನೇ ಕೇಂದ್ರವಾಗಿಟ್ಟು 24 ಇಂಚಿನ ವೃತ್ತವನ್ನು ಮೊಳೆಯಿಂದ ಗೀರಿದೆವು.

ಬೆಳಗ್ಗೆ ನೆರಳು ವೃತ್ತದ ಹೊರಗೆ ಉದ್ದವಾಗಿ ಚಾಚಿರುತ್ತದೆ. ಹೊತ್ತು ಏರಿದಂತೆ ಅದು ಕುಗ್ಗುತ್ತಾ ಬಂದು, 10 ಗಂಟೆ 12 ನಿಮಿಷಕ್ಕೆ ಅದರ ತುದಿ ವಾಯವ್ಯದ ಕಡೆ ವೃತ್ತವನ್ನು ಮುಟ್ಟಿತು. ಅಲ್ಲಿ ಒಂದು ಮೊಳೆ ಹೊಡೆದೆವು. ಮಧ್ಯಾಹ್ನ ನೆರಳು ವೃತ್ತದ ಒಳಗೇ ಇದ್ದು, ಮತ್ತೆ ಬೆಳೆಯುತ್ತಾ ಹೋಗಿ, 3 ಗಂಟೆ 2 ನಿಮಿಷಕ್ಕೆ ಈಶಾನ್ಯದ ಕಡೆ ವೃತ್ತವನ್ನು ಮುಟ್ಟಿತು. ಅಲ್ಲಿ ಎರಡನೆಯ ಮೊಳೆ. ಬೆಳಗ್ಗೆ ಸೂರ್ಯ ಎಷ್ಟು ಎತ್ತರದಲ್ಲಿದ್ದನೋ ಮಧ್ಯಾಹ್ನದ ಮೇಲೆ ಅಷ್ಟೇ ಎತ್ತರಕ್ಕೆ ಇಳಿದಾಗ ನೆರಳಿನ ಉದ್ದವೂ ಅಷ್ಟೇ ಆಗುತ್ತದೆ. ನಡುಹಗಲಿನ ರೇಖೆಯಿಂದ ಅವನು ಆ ಕಡೆ ಎಷ್ಟು ದೂರವಿದ್ದನೋ ಈ ಕಡೆಯೂ ಅಷ್ಟೇ ದೂರವಿರುತ್ತಾನೆ. ಆದ್ದರಿಂದ ಎರಡು ಮೊಳೆಗಳ ನಡುವೆ ಎಳೆದ ದಾರವು ನೇರ ಪೂರ್ವ ಪಶ್ಚಿಮ. ಎರಡು ಹೊತ್ತುಗಳ ಮಧ್ಯವನ್ನು ಲೆಕ್ಕ ಹಾಕಿದರೆ 12 ಗಂಟೆ 37 ನಿಮಿಷ. ಗಡಿಯಾರದ ಹನ್ನೆರಡು ನಮ್ಮ ಊರಿನ ನಿಜವಾದ ನಡುಹಗಲಲ್ಲ ಎಂಬುದು ಅಂದು ನನಗೆ ಕಣ್ಣಾರೆ ತಿಳಿಯಿತು.

ಆ ದಾರ ಗೂಟದ ಮೇಲೆಯೇ ಹಾಯುವುದೆಂದು ಅಪ್ಪ ಎಣಿಸಿದ್ದರು. ಅದು ಗೂಟದಿಂದ ಸುಮಾರು 14 ಇಂಚು ಉತ್ತರಕ್ಕೆ ಬಿದ್ದದ್ದನ್ನು ಕಂಡು ಅವರಿಗೆ ಸಂದೇಹ ಬಂದಿತು. ಆದರೆ ಅದು ತಪ್ಪಲ್ಲ. ಫೆಬ್ರವರಿಯಲ್ಲಿ ಸೂರ್ಯ ದಕ್ಷಿಣದಲ್ಲಿರುವುದರಿಂದ ನೆರಳು ದಿನವೆಲ್ಲ ಉತ್ತರಕ್ಕೇ ಬೀಳುತ್ತದೆ. ದಾರ ಎಲ್ಲಿ ಬಿತ್ತೆಂಬುದು ಮುಖ್ಯವಲ್ಲ, ಯಾವ ಕಡೆಗೆ ಮುಖಮಾಡಿದೆ ಎಂಬುದೇ ಮುಖ್ಯ.

ಈ ಕ್ರಮದಲ್ಲಿ ತಪ್ಪುಗಳು ಎಲ್ಲಿ ನುಸುಳುತ್ತವೆ ಎಂಬುದನ್ನೂ ಹೇಳಬೇಕು. ಎರಡು ಹೊತ್ತಿನ ನಡುವೆ ಸೂರ್ಯನೇ ತುಸು ಉತ್ತರಕ್ಕೆ ಸರಿದಿರುತ್ತಾನೆ. ಅದರಿಂದ ಆಗುವ ದೋಷ 30 ಅಡಿಗೆ ಅರ್ಧ ಇಂಚಿಗೂ ಕಡಿಮೆಯಾದ್ದರಿಂದ ಮನೆಯ ಮಟ್ಟಿಗೆ ಗಣನೆಗಿಲ್ಲ. ದೊಡ್ಡ ದೋಷ ಬರುವುದು ನೆರಳಿನ ತುದಿಯಿಂದ. ಸೂರ್ಯ ಒಂದು ಚುಕ್ಕೆಯಲ್ಲ, ಬಿಂಬ; ಆದ್ದರಿಂದ ನೆರಳಿನ ತುದಿ ಸುಮಾರು ಅರ್ಧ ಇಂಚಿನಷ್ಟು ಮಸುಕಾಗಿರುತ್ತದೆ. ನಮ್ಮ ಎರಡು ಮೊಳೆಗಳ ನಡುವೆ ಇದ್ದ ದೂರ 38 ಇಂಚು ಮಾತ್ರ. ಅಲ್ಲಿ ಕಾಲು ಇಂಚು ತಪ್ಪಿದರೆ 30 ಅಡಿಯಲ್ಲಿ ಅದು ಎರಡು ಇಂಚಿಗೂ ಮೀರಿ ಬೆಳೆಯುತ್ತದೆ. ಇದಕ್ಕೆ ಪರಿಹಾರವೆಂದರೆ 30 ಇಂಚಿನದೊಂದು, 36 ಇಂಚಿನದೊಂದು ವೃತ್ತವನ್ನು ಹೊರಗೆ ಎಳೆದು ಅವಕ್ಕೂ ಬೆಳಗ್ಗೆ, ಸಂಜೆ ಗುರುತು ಮಾಡುವುದು. ಮೂರು ದಾರಗಳೂ ಒಂದಕ್ಕೊಂದು ಸಮಾನಾಂತರವಾಗಿದ್ದರೆ ಕೆಲಸ ಸರಿ. ಒಂದು ಓರೆಯಾದರೆ ಅದನ್ನು ಬಿಡಬೇಕು. ನಮ್ಮ ಮೂರು ದಾರಗಳಲ್ಲಿ ಎರಡು ಹೊಂದಿಕೊಂಡವು, ಮೂರನೆಯದು ಓರೆಯಾಗಿತ್ತು. ಸಂಜೆ ಮೋಡದ ಚೂರೊಂದು ಅಡ್ಡ ಬಂದಾಗ ನಾನು ಅಂದಾಜಿನಿಂದ ಗುರುತು ಮಾಡಿದ್ದೆ. ಅದರ ಫಲ ಅದು.

ಮೂಲೆ

ಈಗ ನಮ್ಮ ಮುಂದೆ ಮೂರು ದಾರಗಳಿದ್ದವು: ನೆರಳಿನದು, ದೊಡ್ಡಪ್ಪನದು, ನಿವೇಶನದ ಎಲ್ಲೆಯದು. ನೆರಳಿನ ದಾರವನ್ನು ಎಲ್ಲೆಯ ದಾರದ ಪಕ್ಕಕ್ಕೆ ಚಾಚಿ ಅಳೆದಾಗ, ಎಲ್ಲೆಯದು 10 ಅಡಿಗೆ ಎಂಟು ಇಂಚಿಗಿಂತ ತುಸು ಹೆಚ್ಚು ಉತ್ತರಕ್ಕೆ ಓರೆಯಾಗಿತ್ತು. ಅದು ಸುಮಾರು 4 ಡಿಗ್ರಿ. ದೊಡ್ಡಪ್ಪನ ದಾರ ಇನ್ನೊಂದು ಮಗ್ಗುಲಿಗೆ 15 ಡಿಗ್ರಿ ಹೋಗಿತ್ತು. ಆದ್ದರಿಂದ ಎಲ್ಲೆಗೂ ಅವರ ದಾರಕ್ಕೂ ನಡುವೆ ಇದ್ದ ಅಂತರ 19 ಡಿಗ್ರಿ.

ಈ ಲೆಕ್ಕದ ಅರ್ಥವೇನೆಂಬುದನ್ನು ಮೇಸ್ತ್ರಿ ತಾತ ಸುಣ್ಣದ ಪುಡಿಯಿಂದ ನೆಲದ ಮೇಲೆ ಬರೆದು ತೋರಿಸಿದರು. 24 ಅಡಿಗೆ 28 ಅಡಿಯ ಮನೆಯನ್ನು ಎಲ್ಲೆಗೆ 19 ಡಿಗ್ರಿ ಓರೆಯಾಗಿ ಇಟ್ಟರೆ ಅದಕ್ಕೆ ಬೇಕಾಗುವ ಅಗಲ ಸುಮಾರು 32 ಅಡಿ. ನಮ್ಮ ನಿವೇಶನವೋ 30 ಅಡಿ! ಒಂದು ಮೂಲೆ ಪಕ್ಕದವರ ನೆಲದಲ್ಲಿ ನಿಲ್ಲುತ್ತಿತ್ತು. ನೆರಳಿನ ದಾರಕ್ಕೆ ಸರಿಯಾಗಿ 4 ಡಿಗ್ರಿ ತಿರುಗಿಸಿದರೆ ಬೇಕಾಗುವ ಅಗಲ 26 ಅಡಿ. ನಿವೇಶನದೊಳಗೆ ಹಿಡಿಯುತ್ತದೆ, ಆದರೆ ಎರಡು ಬದಿಯ ಓಣಿಗಳು ಮೂರು ಅಡಿಯಿಂದ ಎರಡು ಅಡಿಗೆ ಇಕ್ಕಟ್ಟಾಗುತ್ತವೆ.

ದೊಡ್ಡಪ್ಪ ಸುಣ್ಣದ ಗೆರೆಯ ಸುತ್ತ ಒಂದು ಸಲ ನಡೆದು ಬಂದು, "ನಾನು ಕಟ್ಟಿದ ದಾರ ಬಿಚ್ಚಿಬಿಡ್ರಪ್ಪ" ಎಂದರು. ಉಳಿದದ್ದು ಅಪ್ಪನ ನಿರ್ಣಯ. ಅವರು ಬಹಳ ಹೊತ್ತು ಯೋಚಿಸಿ, "ದಿಕ್ಕು ತಿಳಿಯೋದು ಬ್ಯಾರೆ, ದಿಕ್ಕಿಗೆ ತಿರುಗೋದು ಬ್ಯಾರೆ. ಓಣಿಯಾಗೆ ಗಾಡಿ ಹೋಗಬೇಕು, ಮಳೆ ನೀರು ಹೋಗಬೇಕು. ಎಲ್ಲೆಗೇ ಕಟ್ಟೋಣ" ಎಂದರು. ಪುರೋಹಿತರನ್ನು ಕೇಳಿದಾಗ ಅವರೂ ಒಪ್ಪಿದರು.

ನಂತರ ಮನೆಯ ನಾಲ್ಕು ಮೂಲೆಗಳನ್ನು ಗುರುತಿಸುವ ಕೆಲಸ. ಮೇಸ್ತ್ರಿ ತಾತ ಮೂಲೆಯಿಂದ ಒಂದು ದಾರದ ಮೇಲೆ 6 ಅಡಿ, ಇನ್ನೊಂದರ ಮೇಲೆ 8 ಅಡಿ ಗುರುತು ಮಾಡಿ, ಎರಡು ಗುರುತುಗಳ ನಡುವೆ ಸರಿಯಾಗಿ 10 ಅಡಿ ಬರುವವರೆಗೆ ಒಂದು ದಾರವನ್ನು ಸರಿಸಿದರು. ಮೂರು, ನಾಲ್ಕು, ಐದರ ಈ ಮರ್ಮ ಶುಲ್ಬಸೂತ್ರಗಳಲ್ಲಿ ಇದೆ. ತಾತ ಅದನ್ನು ತಮ್ಮ ತಂದೆಯಿಂದ ಕಲಿತವರು, ಶಾಲೆಗೆ ಹೋದವರಲ್ಲ. ಕೊನೆಗೆ ಅವರು ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆದರು. ಮನೆ ಚೌಕವಾಗಿದ್ದರೆ ಎರಡು ಅಡ್ಡ ಅಳತೆಗಳೂ 36 ಅಡಿ ಹತ್ತೂವರೆ ಇಂಚು ಬರಬೇಕು. ಮೊದಲ ಸಲ ನಾಲ್ಕು ಇಂಚು ವ್ಯತ್ಯಾಸ ಬಂದಿತು. ಆಗ್ನೇಯದ ಗೂಟವನ್ನು ಸರಿಸಿದ ಮೇಲೆ ಕೂಡಿತು. ಪಾಯ ತೋಡುವಾಗ ಮೂಲೆಯ ಗೂಟಗಳು ಕಿತ್ತುಹೋಗುವುದರಿಂದ, ದಾರಗಳನ್ನು ಎರಡು ಅಡಿ ಹೊರಕ್ಕೆ ಚಾಚಿ ಅಲ್ಲಿಯೂ ಗೂಟ ಹೊಡೆದರು.

ಮೊದಲ ಇಟ್ಟಿಗೆ

ಪೂಜೆ ನಡೆಯುವುದು ಈಶಾನ್ಯ ಮೂಲೆಯಲ್ಲಿ. ಅನೇಕರು ನಿವೇಶನದ ಈಶಾನ್ಯದಲ್ಲಿ ಅಂದಾಜಿನ ಮೇಲೆ ಒಂದು ಗುಂಡಿ ತೋಡಿ ಪೂಜೆ ಮುಗಿಸುತ್ತಾರೆ. ಆಮೇಲೆ ಗೋಡೆಯ ಗೆರೆ ಹಾಕಿದಾಗ ಪೂಜೆಯ ಇಟ್ಟಿಗೆ ಗೋಡೆಯ ಹೊರಗೆ ಉಳಿಯುತ್ತದೆ, ಇಲ್ಲವೆ ಪಾಯಕ್ಕೆ ಅಡ್ಡವಾಗಿ ಬಂದು ಕಿತ್ತುಹಾಕಬೇಕಾಗುತ್ತದೆ. ನಾವು ಮೂಲೆಗಳನ್ನು ಮೊದಲೇ ಗುರುತಿಸಿದ್ದರಿಂದ, ಮನೆಯ ಈಶಾನ್ಯ ಮೂಲೆಯ ಪಾಯವನ್ನೇ ಗಟ್ಟಿ ನೆಲದವರೆಗೆ ತೋಡಿಸಿ ಅಲ್ಲಿಯೇ ಪೂಜೆ ಮಾಡಿದೆವು.

ಅರಿಶಿನದ ಬೆನಕನಿಗೆ ಗರಿಕೆಯೇರಿಸಿ, ಗುದ್ದಲಿಗೆ ಪೂಜೆ ಮಾಡಿ, ಅಪ್ಪ ಅಮ್ಮ ಮೂರು ಸಲ ಮಣ್ಣು ಎತ್ತಿದರು. ಹಾಲುತುಪ್ಪ ಎರೆದರು. ನವಧಾನ್ಯ, ಪಂಚಲೋಹದ ಚೂರು, ಒಂದು ನಾಣ್ಯ ಇಡುವಾಗ ಮೇಸ್ತ್ರಿ ತಾತ ಮೆಲ್ಲನೆ ಪುರೋಹಿತರ ಹತ್ತಿರ ಬಂದರು. ಕಾಳುಗಳನ್ನು ಇಟ್ಟಿಗೆಯ ಅಡಿಯಲ್ಲೇ ಹರಡಿದರೆ ಅವು ನೆನೆದು ಉಬ್ಬಿ, ಆಮೇಲೆ ಕೊಳೆತು ಇಟ್ಟಿಗೆಯ ಕೆಳಗೆ ಪೊಳ್ಳು ಬಿಡುತ್ತವೆ. "ಸ್ವಾಮಿ, ಪಾಯದ ನಡುವೆ ಒಂದು ಗೇಣು ಗುಂಡಿ ಮಾಡಿದ್ದೀನಿ. ಎಲ್ಲಾ ಅದರಾಗೆ ಇಟ್ಟುಬಿಡಿ, ಮೇಲೆ ಕಾಂಕ್ರೀಟ್ ಮುಚ್ಚುತೀನಿ" ಎಂದರು. ಪುರೋಹಿತರು ನಕ್ಕು ಹಾಗೆಯೇ ಮಾಡಿದರು.

ಐದು ಇಟ್ಟಿಗೆಗಳನ್ನು ತಾತ ಹಿಂದಿನ ದಿನವೇ ಆರಿಸಿದ್ದರು. ಎರಡನ್ನು ಒಂದಕ್ಕೊಂದು ತಟ್ಟಿದಾಗ ಕಂಚಿನಂತೆ ನಾದ ಬರಬೇಕು. ಉಗುರಿನಿಂದ ಗೀಚಿದರೆ ಗುರುತು ಬೀಳಬಾರದು. ಆರಿಸಿದವನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿದ್ದರು. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಕೊಂಡು ಅದನ್ನು ಗಟ್ಟಿಯಾಗಲು ಬಿಡುವುದಿಲ್ಲ. ಪೂಜೆಗೆಂದು ಅಂಗಡಿಯಿಂದ ತಂದು ಹಾಗೆಯೇ ಕುಂಕುಮ ಹಚ್ಚಿ ಇಟ್ಟ ಇಟ್ಟಿಗೆ ಅದೇ ಕಾರಣದಿಂದ ಕಾಲಾಂತರದಲ್ಲಿ ಸಡಿಲವಾಗುತ್ತದೆ. ಆಗಮ ಶಿಲ್ಪಗ್ರಂಥಗಳು ದೇವಾಲಯದ ಈ ಮೊದಲ ಇಟ್ಟಿಗೆಯನ್ನು 'ಪ್ರಥಮೇಷ್ಟಕ' ಎನ್ನುತ್ತವೆ. ನಮ್ಮ ಇಟ್ಟಿಗೆ ಎಂಬ ಮಾತು ಆ ಇಷ್ಟಕದಿಂದಲೇ ಬಂದದ್ದು. ತಾತ ಗಾರೆ ಹಾಸಿ, ಅಪ್ಪನ ಕೈಯಿಂದ ಮೊದಲ ಇಟ್ಟಿಗೆ ಇಡಿಸಿ, ಕರಣೆಯ ಹಿಡಿಯಿಂದ ಎರಡು ಸಲ ತಟ್ಟಿ, ರಸಮಟ್ಟ ಇಟ್ಟು ನೋಡಿದರು. ಎರಡು ಬದಿಯ ದಾರಗಳೂ ಆ ಇಟ್ಟಿಗೆಯ ಅಂಚನ್ನು ಸೋಕುತ್ತಿದ್ದವು. ಮುಂದೆ ಎರಡು ಗೋಡೆಗಳ ಸಾಲೂ ಮಟ್ಟವೂ ಅದನ್ನೇ ನಂಬಿ ಹೋಗಬೇಕು. ಅಮ್ಮ ತಾತನಿಗೆ ಎಲೆ ಅಡಿಕೆ, ಪಂಚೆ, ದಕ್ಷಿಣೆ ಕೊಟ್ಟು ನಮಸ್ಕರಿಸಿದರು.

ಈಗ ಆ ಮನೆಯಲ್ಲಿ ನಾವು ವಾಸವಾಗಿದ್ದೇವೆ. ಅದರ ಬಾಗಿಲು ಪೂರ್ವಕ್ಕಿಂತ 4 ಡಿಗ್ರಿ ಉತ್ತರಕ್ಕೆ ನೋಡುತ್ತದೆ. ಮಾರ್ಚ್ 21ರ ಸುಮಾರಿಗೆ ಹೊಸಿಲ ಮೇಲೆ ನಿಂತರೆ ಸೂರ್ಯನು ಬಾಗಿಲಿನ ನೇರಕ್ಕೆ ಹುಟ್ಟದೆ ತುಸು ಬಲಗಡೆ ಹುಟ್ಟುತ್ತಾನೆ. ದೊಡ್ಡಪ್ಪ ಆ ದಿನ ಬೆಳಗ್ಗೆ ಬಂದು ಹೊಸಿಲ ಮೇಲೆ ನಿಂತು ಅದನ್ನು ನೋಡಿ, ಏನೂ ಹೇಳದೆ ಕಾಫಿ ಕುಡಿದು ಹೋದರು. ನೆರಳು ಹಿಡಿದ ಆ ಗೂಟವನ್ನು ಅಪ್ಪ ಬಿಸಾಡಲಿಲ್ಲ. ಅದು ಹಿತ್ತಲಲ್ಲಿ ಕರು ಕಟ್ಟುವ ಗೂಟವಾಗಿದೆ.